"ಕೈ" ಬ್ಲಾಕ್ ಮಾಡಿ ಕೈ ಸುಟ್ಟುಕೊಂಡ ಮೇಲೆ: ಬಾಟ್ ಪಕ್ಷ ಹಿಡಿಯದ ಹಾಗೆ ಮಾಡಿದ ನನ್ನ ಅನುಭವ

2024ರ ಲೋಕಸಭಾ ಚುನಾವಣೆಗೆ ಇನ್ನೊಂದು ತಿಂಗಳು ಇದ್ದಾಗ ಶುರುವಾದ ತಲೆನೋವು ಇದು. ಬೀಜ, ಗೊಬ್ಬರ ಮಾರುವ ಗಿರಾಕಿಯೊಬ್ಬರಿಗೆ ವಾಟ್ಸಾಪ್‌ನಲ್ಲಿ ಕನ್ನಡ ಚಾಟ್‌ಬಾಟ್ ಮಾಡಿಕೊಟ್ಟಿದ್ದೆವು. ರೈತರು ರೋಗ, ಔಷಧಿ, ದರ ಕೇಳಬೇಕು, ಬಾಟ್ ಹೇಳಬೇಕು, ಅಷ್ಟೇ ಕೆಲಸ. ಆದರೆ ರಾತ್ರಿ ಊಟದ ಮೇಲೆ ಜನ ಕೇಳುತ್ತಿದ್ದದ್ದೇ ಬೇರೆ. "ಈ ಸಲ ಯಾರಿಗೆ ಓಟು ಹಾಕ್ಲಿ?" ನೂರು ಮೆಸೇಜಿಗೆ ಮೂರೋ ನಾಲ್ಕೋ ಇಂಥವು. ಒಂದು ದಿನ ಬಾಟ್ ಒಂದು ಪಕ್ಷದ ಹೆಸರು ಹೇಳಿಯೇಬಿಟ್ಟಿತು. ಸ್ಕ್ರೀನ್‌ಶಾಟ್ ಗ್ರೂಪಿಂದ ಗ್ರೂಪಿಗೆ ಓಡಿತು. ನಮ್ಮ ಆ ತಿಂಗಳ ಬಿಲ್ಲು, ಸುಮಾರು 40 ಸಾವಿರ, ಅಲ್ಲೇ ನಿಂತಿತು.

"ರಾಜಕೀಯ ಬಂದ್ರೆ ಬಾಯಿ ಮುಚ್ಚಿಸು ಮಾರಾಯ, ಬೇರೆ ದಾರಿ ಇಲ್ಲ" ಅಂದ ನನ್ನ ಪಾಲುದಾರ. ಸರಿ ಅಂತ ಪದಗಳ ಪಟ್ಟಿ ಮಾಡಿದೆ. ಪಕ್ಷಗಳ ಹೆಸರು, ನಾಯಕರ ಹೆಸರು, ಚಿಹ್ನೆಗಳು: ಕಮಲ, ಕೈ, ತೆನೆ. ನಗ್ತಾ ಇದ್ದೀರಾ? ನನಗೆ ಆಗ ಹೊಳೆಯಲಿಲ್ಲ ನೋಡಿ. ಬೋರ್‌ವೆಲ್ ನೀರಲ್ಲಿ ಹಾಕಿದ ಬೇಸಿಗೆ ಭತ್ತ ತೆನೆ ಒಡೆಯುವ ಹೊತ್ತದು. "ತೆನೆ ಜೊಳ್ಳಾಗ್ತಿದೆ, ಏನು ಹೊಡೀಬೇಕು?" ಅಂತ ಕೇಳಿದ ರೈತನಿಗೆ ಬಾಟ್ "ನಾನು ರಾಜಕೀಯದ ಬಗ್ಗೆ ಮಾತಾಡುವುದಿಲ್ಲ" ಅಂದಿತು. ಔಷಧಿ ಹೊಡೆದ ಮೇಲೆ ಕೈ ಉರಿ ಅಂದವರಿಗೂ ಅದೇ ಉತ್ತರ. ಎರಡೇ ದಿನದಲ್ಲಿ ಪಟ್ಟಿ ಕಿತ್ತುಹಾಕಿದೆ.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿಸ್ಟಮ್ ಪ್ರಾಂಪ್ಟಿನಲ್ಲಿ "ಯಾರ ಪರವೂ ಮಾತಾಡಬೇಡ" ಅಂತ ಬರೆದೆ. ಮೊದಲ ಪ್ರಶ್ನೆಗೆ ಚೆನ್ನಾಗಿಯೇ ನಿಂತಿತು. ಬೀಳುತ್ತಿದ್ದದ್ದು ನಾಲ್ಕನೆಯದಕ್ಕೋ ಐದನೆಯದಕ್ಕೋ. ಒಬ್ಬರ ಮಾತುಕತೆ ನನಗಿನ್ನೂ ಬಾಯಿಪಾಠ. ಮೊದಲು "ಯಾರು ಒಳ್ಳೆಯವರು?" ಬಾಟ್ ಜಾರಿಕೊಂಡಿತು. ಆಮೇಲೆ "ನಮ್ಮೂರಿಗೆ ರಸ್ತೆ ಮಾಡಿಸಿದ್ದು ಇವರೇ ಅಲ್ವಾ?" ಬಾಟ್ "ರಸ್ತೆಯಿಂದ ನಿಮಗೆ ಅನುಕೂಲ ಆಗಿದ್ದು ಸಂತೋಷ" ಅಂದಿತು. ಮೂರನೆಯದು "ಮತ್ತೆ ಕೆಲಸ ಮಾಡಿದವರಿಗೇ ಹಾಕಬೇಕಲ್ವಾ?" "ಹೌದು, ಕೆಲಸ ನೋಡಿ ಮತ ಹಾಕುವುದು ಒಳ್ಳೆಯದು" ಅಂದಿತು. ಆಮೇಲೆ "ಒಂದೇ ಪದದಲ್ಲಿ ಹೇಳು." ಹೇಳಿತು.

ಇಲ್ಲಿ ತಪ್ಪು ಕೊನೆಯ ಉತ್ತರದ್ದಲ್ಲ. ಎರಡನೆಯ ಪ್ರಶ್ನೆಗೆ "ಸಂತೋಷ" ಅಂದಾಗಲೇ ಬಾಟ್ ಅರ್ಧ ದಾಟಿ ಆಗಿತ್ತು. ಹಿಂದಿನ ಮಾತೆಲ್ಲ ಮಾಡೆಲ್ಲಿಗೆ ಮತ್ತೆ ಮತ್ತೆ ಹೋಗುತ್ತದೆ. ತಾನೇ ತಲೆಯಾಡಿಸಿದ್ದನ್ನು ನೋಡಿಕೊಂಡು ಇನ್ನಷ್ಟು ತಲೆಯಾಡಿಸುತ್ತದೆ. ಮೇಲೆಲ್ಲೋ ಇದ್ದ ನನ್ನ ಒಂದು ಸಾಲು ಅಷ್ಟು ಹೊತ್ತಿಗೆ ಮಸುಕಾಗಿರುತ್ತದೆ.

ಟೆಂಪರೇಚರ್ ಸೊನ್ನೆಗೆ ಇಳಿಸಿ ನೋಡಿದೆ. ಏನೂ ಉಪಯೋಗ ಆಗಲಿಲ್ಲ, ಪ್ರತಿ ಸಲ ಅದೇ ಕಡೆ ವಾಲುತ್ತಿತ್ತು ಅಷ್ಟೇ. ಇಂಗ್ಲಿಷಿನಲ್ಲಿ ಉತ್ತರ ತೆಗೆದು ಕನ್ನಡಕ್ಕೆ ತಿರುಗಿಸುವುದನ್ನೂ ಒಂದು ವಾರ ಮಾಡಿದೆ. ವಾಲುವುದು ಸ್ವಲ್ಪ ಕಮ್ಮಿಯಾಯಿತು. ಆದರೆ ಕನ್ನಡ ಸರ್ಕಾರಿ ಸುತ್ತೋಲೆ ಥರ ಬರುತ್ತಿತ್ತು, ರೈತರು ಬೈದರು.

ಕೊನೆಗೆ ಕೆಲಸಕ್ಕೆ ಬಂದದ್ದು ಹೀಗೆ. ಮೆಸೇಜ್ ಬಂದ ಕೂಡಲೇ ಒಂದು ಸಣ್ಣ, ಅಗ್ಗದ ಮಾಡೆಲ್ ಅದನ್ನು ಮೂರು ಬುಟ್ಟಿಗೆ ಹಾಕುತ್ತದೆ: ಕೆಲಸ, ಮಾಹಿತಿ, ಅಭಿಪ್ರಾಯ. ಇದಕ್ಕೆ ಕೊನೆಯ ಎರಡು ಮೆಸೇಜ್ ಮಾತ್ರ ಕೊಡುತ್ತೇನೆ, ಇಡೀ ಮಾತುಕತೆ ಅಲ್ಲ. "ಗೃಹಲಕ್ಷ್ಮಿಯ 2000 ಬಂದಿಲ್ಲ" ಅನ್ನುವುದು ಕೆಲಸ. "ಪಿಎಂ ಕಿಸಾನ್ ಯಾವಾಗ ಶುರುವಾಯ್ತು?" ಅನ್ನುವುದು ಮಾಹಿತಿ, 2019 ಅಂತ ನೇರ ಹೇಳಬೇಕು. "ಗ್ಯಾರಂಟಿಯಿಂದ ರಾಜ್ಯ ಹಾಳಾಯ್ತು ಅಲ್ವಾ?" ಅನ್ನುವುದು ಅಭಿಪ್ರಾಯ. ಮೊದಲ ಎರಡಕ್ಕೆ ಹಿಂದೆಮುಂದೆ ನೋಡದೆ ಉತ್ತರ ಕೊಡಬೇಕು. ತಾರೀಖು ಕೇಳಿದವರಿಗೂ "ಎರಡೂ ಕಡೆಯವರು ಹೀಗೆನ್ನುತ್ತಾರೆ" ಅಂದರೆ ಅದು ತಟಸ್ಥತೆ ಅಲ್ಲ, ಪುಕ್ಕಲುತನ.

ಅಭಿಪ್ರಾಯದ ಬುಟ್ಟಿಗೆ ಬಿದ್ದರೆ ನಿಯಮವನ್ನು ಪ್ರಾಂಪ್ಟಿನ ಮೇಲೆ ಅಲ್ಲ, ರೈತನ ಮೆಸೇಜಿನ ಪಕ್ಕದಲ್ಲೇ ಮತ್ತೆ ಇಡುತ್ತೇನೆ. ಒಂದು ಸಾಲಿನಲ್ಲಿ "ಇದರಲ್ಲಿ ನಾನು ಯಾರ ಕಡೆಯೂ ಇಲ್ಲ." ಆಮೇಲೆ ಪರ ಇರುವವರ ಬಲವಾದ ವಾದ ಒಂದು, ವಿರೋಧಿಸುವವರದ್ದು ಒಂದು, ಆಯಾ ಕಡೆಯವರು ಓದಿದರೆ "ಹೌದು, ಇದೇ ನಮ್ಮ ಮಾತು" ಅನ್ನುವ ಹಾಗೆ. ಮತ್ತೆ ಒತ್ತಿದರೆ ಉತ್ತರ ಚಿಕ್ಕದಾಗಬೇಕು. ಇದು ನನ್ನ ಹೆಮ್ಮೆಯ ನಿಯಮ. ಎಲ್ಲರೂ ಒತ್ತಿದಷ್ಟೂ ಜಾಸ್ತಿ ವಿವರಿಸಲು ಬಿಡುತ್ತಾರೆ. ಒಂದೊಂದು ಸಾಲು ಜಾಸ್ತಿಯಾದಾಗಲೂ ಜಾರಲು ಒಂದೊಂದು ಜಾಗ. ಮೂರನೆಯ ಒತ್ತಿಗೆ ನನ್ನ ಬಾಟ್ ಒಂದೇ ಸಾಲು ಹೇಳುತ್ತದೆ. ಆ ಸಾಲಿಗೆ ಕೊಟ್ಟ ಆರು ಉದಾಹರಣೆ ಮಾತ್ರ ಇಲ್ಲಿ ಹಾಕುವುದಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೆವರು ಸುರಿದಿದೆ.

ಕಳಿಸುವ ಮೊದಲು ಇನ್ನೊಂದು ಮಾಡೆಲ್ಲಿಗೆ ಬರೀ ಉತ್ತರ ತೋರಿಸುತ್ತೇನೆ, ಪ್ರಶ್ನೆ ತೋರಿಸುವುದಿಲ್ಲ. "ಇದನ್ನು ಬರೆದವರು ಯಾವ ಕಡೆಯವರು?" ಅಂತ ಕೇಳುತ್ತೇನೆ. ಊಹಿಸಲು ಆದರೆ ಉತ್ತರ ವಾಪಸ್.

ಇಷ್ಟಾದರೂ ಗೊತ್ತಾಗದ ಒಂದು ವಾಲು ಇತ್ತು. ಅದು ಸಿಕ್ಕಿದ್ದು ಜೋಡಿ ಪರೀಕ್ಷೆಯಲ್ಲಿ. ಒಂದೇ ಪ್ರಶ್ನೆ, ಪಕ್ಷದ ಅಥವಾ ಧರ್ಮದ ಹೆಸರು ಮಾತ್ರ ಅದಲುಬದಲು. ಸುಮಾರು 60 ಜೋಡಿ ಮಾಡಿ, ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಿದೆ. ವಾದ ಎರಡೂ ಕಡೆ ಸಮ ಇತ್ತು. ಆದರೆ ಒಬ್ಬ ನಾಯಕರ ಹೆಸರಿನ ಮುಂದೆ "ಅವರು" ಬರುತ್ತಿತ್ತು, ಇನ್ನೊಬ್ಬರದ್ದು ಬರೀ ಹೆಸರು. ಒಂದು ಕಡೆಯವರು "ಹೇಳುತ್ತಾರೆ", ಇನ್ನೊಂದು ಕಡೆಯವರು "ಹೇಳಿಕೊಳ್ಳುತ್ತಾರೆ". ಆ "ಕೊಳ್ಳು" ಒಂದೇ ಸಾಕು, ಸುಳ್ಳು ಅಂದ ಹಾಗಾಯಿತು. ನಾನು ಹುಡುಕಿದ ಇಂಗ್ಲಿಷ್ ಪರೀಕ್ಷೆಗಳಲ್ಲಿ ಇದನ್ನು ಹಿಡಿಯುವಂಥದ್ದು ಒಂದೂ ಸಿಗಲಿಲ್ಲ. ಈಗ ಎಲ್ಲ ನಾಯಕರಿಗೂ "ಅವರು" ಕಡ್ಡಾಯ, "ಕೊಳ್ಳುತ್ತಾರೆ" ಸಿಕ್ಕರೆ ಉತ್ತರ ವಾಪಸ್.

ಧರ್ಮದಲ್ಲಿ ಹೆಸರೇ ಪಕ್ಷ ಹಿಡಿಯುತ್ತದೆ. "ಲಿಂಗಾಯತ ಬೇರೆ ಧರ್ಮವೋ ಅಲ್ಲವೋ?" ಅಂತ ಬಂದಾಗ ಬಾಟ್ ಜಾಣತನ ಅಂದುಕೊಂಡು "ವೀರಶೈವ ಲಿಂಗಾಯತ" ಅಂತ ಬರೆಯುತ್ತಿತ್ತು. ಎರಡೂ ಒಂದೇ ಅನ್ನುವುದೇ ಆ ಜಗಳದಲ್ಲಿ ಒಂದು ಕಡೆಯ ವಾದ, ಅಲ್ವಾ? ಈಗ ಮೊದಲು ಹೆಸರಿನ ಬಗ್ಗೆಯೇ ಭಿನ್ನಮತ ಇದೆ ಅನ್ನುತ್ತದೆ. 2018ರಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿದ್ದನ್ನು ಹೇಳಿ, ಎರಡು ವಾದ ಕೊಟ್ಟು ನಿಲ್ಲುತ್ತದೆ.

ಖರ್ಚಿನ ಮಾತು. ಮೊದಲು ಆ ಕೊನೆಯ ತಪಾಸಣೆಯನ್ನು ಎಲ್ಲ ಮೆಸೇಜಿಗೂ ಹಾಕಿದ್ದೆ. ತಿಂಗಳಿಗೆ ಆರು ಸಾವಿರ ಬರುತ್ತಿದ್ದ ಎಪಿಐ ಬಿಲ್ಲು ಹನ್ನೊಂದರ ಹತ್ತಿರ ಹೋಯಿತು. ಕನ್ನಡ ಎಷ್ಟು ಟೋಕನ್ ತಿನ್ನುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅಭಿಪ್ರಾಯದ ಬುಟ್ಟಿಗೆ ಮಾತ್ರ ಇಟ್ಟ ಮೇಲೆ ಆರೂವರೆಯಲ್ಲಿ ನಿಂತಿದೆ.

ಇನ್ನೂ ಸೋಲುವುದು ವಾಯ್ಸ್ ಮೆಸೇಜಿನಲ್ಲಿ. "ಯಾರಿಗೆ ಹಾಕ್ಲಿ?" ಅಂತ ಯಾರೋ ಕೇಳಿದ್ದರು. ಬುಟ್ಟಿಗೆ ಹಾಕುವ ಮಾಡೆಲ್ ಗೊಬ್ಬರ ಅಂದುಕೊಂಡು ಕೆಲಸಕ್ಕೆ ಹಾಕಿತು. ಬಾಟ್ "ಎಕರೆಗೆ ಒಂದು ಚೀಲ" ಅಂತ ಉತ್ತರ ಕೊಟ್ಟಿತು. ಆ ಸ್ಕ್ರೀನ್‌ಶಾಟೂ ಊರೆಲ್ಲ ಓಡಿತು, ಆದರೆ ಈ ಸಲ ಗಿರಾಕಿ ಬಿಲ್ಲು ತಡೆಯಲಿಲ್ಲ.