ದೀರ್ಘ ರಜೆಯ ನಂತರ ತಂಡಕ್ಕೆ ಮೊದಲ ಮೆಸೇಜ್: ಹೀಗೆ ಬರೆಯಿರಿ

ಮೂರು ತಿಂಗಳ ವೈದ್ಯಕೀಯ ರಜೆ ಮುಗಿಸಿ ಬಂದವರು ತಂಡಕ್ಕೆ ಕಳಿಸುವ ಮೆಸೇಜಿನಲ್ಲಿ ಜಾಸ್ತಿ ಇರುವುದು ಕಾಯಿಲೆಯ ಕತೆ, ಇಲ್ಲವೇ ಬರೀ ಧನ್ಯವಾದ. ಓದುವವರಿಗೆ ಬೇಕಿರುವುದು ಬೇರೆ. ನೀವು ಎಷ್ಟು ಹೊತ್ತಿಗೆ ಸಿಗುತ್ತೀರಿ? ಯಾವ ಕೆಲಸಕ್ಕೆ ನಿಮ್ಮನ್ನು ಕೇಳಬೇಕು, ಯಾವುದಕ್ಕೆ ಇನ್ನೂ ಬೇರೆಯವರನ್ನೇ ಕೇಳಬೇಕು?

ಆದ್ದರಿಂದ ಟೈಪ್ ಮಾಡುವ ಮೊದಲು ಮ್ಯಾನೇಜರ್ ಜೊತೆ ಕೂತು ಇವನ್ನು ತೀರ್ಮಾನಿಸಿಕೊಳ್ಳಿ. ನಿಮ್ಮ ಕೆಲಸವನ್ನು ಇಷ್ಟು ದಿನ ನೋಡಿಕೊಂಡವರೂ ಜೊತೆಗಿದ್ದರೆ ಒಳ್ಳೆಯದು. ಮಾತಾಡದೆ ಕಳಿಸಿದರೆ ಅವರು ಅಂದೇ ಎಲ್ಲವನ್ನೂ ಕೈಬಿಡಬಹುದು. ಇಲ್ಲವೇ ಒಬ್ಬ ಗ್ರಾಹಕರಿಗೆ ಇಬ್ಬರಿಂದಲೂ ಉತ್ತರ ಹೋಗಬಹುದು.

ಶಸ್ತ್ರಚಿಕಿತ್ಸೆಯ ನಂತರ ಮರಳಿದ, ಮೊದಲ ಎರಡು ವಾರ ಅರ್ಧ ದಿನ ಮಾತ್ರ ಕೆಲಸ ಮಾಡಬೇಕಾದ ಒಬ್ಬರು ಹೀಗೆ ಬರೆಯಬಹುದು:

"ಎಲ್ಲರಿಗೂ ನಮಸ್ಕಾರ. ಇವತ್ತಿನಿಂದ ಕೆಲಸಕ್ಕೆ ಬಂದಿದ್ದೇನೆ. ಮುಂದಿನ ಎರಡು ವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಸಿಗುತ್ತೇನೆ. ಈ ವಾರ ತಿಂಗಳ ವರದಿ ಮಾತ್ರ ನನ್ನದು. ಗ್ರಾಹಕರ ದೂರುಗಳನ್ನು ಈಗ ನೋಡುತ್ತಿರುವವರೇ ಮುಂದುವರಿಸುತ್ತಾರೆ. ಹಳೆಯ ಮೇಲ್‌ಗಳನ್ನೆಲ್ಲ ಓದಲು ಆಗುವುದಿಲ್ಲ, ಇನ್ನೂ ಬಾಕಿ ಇರುವುದಿದ್ದರೆ ದಯವಿಟ್ಟು ಮತ್ತೊಮ್ಮೆ ಕಳಿಸಿ. ಚೇತರಿಸಿಕೊಳ್ಳುತ್ತಿದ್ದೇನೆ, ಆರೋಗ್ಯದ ವಿವರ ಮಾತ್ರ ಬೇಡ. ನಾನಿಲ್ಲದಾಗ ಲೆಕ್ಕಪರಿಶೋಧನೆಯ ಕಾಗದಪತ್ರ ಸಿದ್ಧ ಮಾಡಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್."

ಇದರಲ್ಲಿ "ಮತ್ತೊಮ್ಮೆ ಕಳಿಸಿ" ಅನ್ನುವ ಮಾತೇ ಹೆಚ್ಚು ಉಪಯೋಗಕ್ಕೆ ಬರುವುದು. ಮೂರು ತಿಂಗಳ ಮೇಲ್‌ಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಬೇರೆಯವರ ಕೈಯಲ್ಲಿ ಮುಗಿದಿರುತ್ತವೆ. ನಿಜವಾಗಿ ಬೇಕಾದವರು ಮತ್ತೆ ಕಳಿಸೇ ಕಳಿಸುತ್ತಾರೆ. "ಎಲ್ಲ ನೋಡಿ ಉತ್ತರಿಸುತ್ತೇನೆ" ಎಂದು ಬರೆದಿರೋ, ಮೊದಲ ವಾರ ಇನ್‌ಬಾಕ್ಸ್‌ನಲ್ಲೇ ಕಳೆಯಿತು.

ಕಾಯಿಲೆಯ ಹೆಸರು ಹಾಕಬೇಕೇ? ನಿಮ್ಮಿಷ್ಟ. ಆದರೆ ಗುಂಪಿಗೆ ಕಳಿಸಿದ್ದು ಫಾರ್ವರ್ಡ್ ಆಗುತ್ತದೆ, ವರ್ಷಗಳ ನಂತರವೂ ಹುಡುಕಿದರೆ ಸಿಗುತ್ತದೆ. ಹತ್ತಿರದವರಿಗೆ ಬಾಯಲ್ಲೇ ಹೇಳಬಹುದಲ್ವಾ? ಹಾಗೆಯೇ "ನಿಮಗೆಲ್ಲ ತೊಂದರೆ ಕೊಟ್ಟೆ, ಕ್ಷಮಿಸಿ" ಎಂಬುದೂ ಬೇಡ. ಓದಿದವರೆಲ್ಲ ಸುಮ್ನೆ ಸಮಾಧಾನ ಹೇಳುತ್ತಾ ಕೂರಬೇಕಾಗುತ್ತದೆ. "ಪೂರ್ತಿ ಹುಷಾರಾಗಿದ್ದೇನೆ" ಎಂದರೆ ಇನ್ನೊಂದು ತಾಪತ್ರಯ: ಸಂಜೆಯ ಮೀಟಿಂಗ್‌ಗಳಿಗೂ ಕರೆ ಬರುತ್ತದೆ.

ಬಂದ ಕೂಡಲೇ ಕಳಿಸುವ ಆತುರವೂ ಬೇಡ. ಪಾಸ್‌ವರ್ಡ್ ಅವಧಿ ಮುಗಿದಿರಬಹುದು, ಕೆಲವು ಫೋಲ್ಡರ್‌ಗಳು ತೆರೆಯದೇ ಇರಬಹುದು. ಅವೆಲ್ಲ ಸರಿಯಾದ ಮೇಲೆ ಕಳಿಸಿ. ರಜೆಯಲ್ಲಿದ್ದೇನೆ ಎಂದು ತಾನಾಗಿಯೇ ಹೋಗುವ ಉತ್ತರವನ್ನೂ ಆಗಲೇ ನಿಲ್ಲಿಸಿ. ಕ್ಯಾಲೆಂಡರ್‌ನಲ್ಲಿ 2 ಗಂಟೆಯ ನಂತರದ ಹೊತ್ತನ್ನು ಬ್ಲಾಕ್ ಮಾಡಿ. ಮೆಸೇಜ್ ಓದದವರೂ ಅದನ್ನು ನೋಡುತ್ತಾರೆ.

ಅಷ್ಟಾದರೂ 4 ಗಂಟೆಯ ಮೀಟಿಂಗ್‌ಗೆ ಯಾರಾದರೂ ಕರೆದರೆ ವಿವರಣೆ ಕೊಡುತ್ತಾ ಕೂರಬೇಡಿ. "ನಾಳೆ 11ಕ್ಕೆ ಆಗುತ್ತದೆಯೇ?" ಎಂದು ಕೇಳಿದರೆ ಸಾಕು.