ಯಾರ ಆಕಳಿಕೆ ಯಾರಿಗೆ ಅಂಟುತ್ತದೆ? ರೈಲಿನಲ್ಲಿ ಕೂತು ಬರೆದಿಟ್ಟ ಲೆಕ್ಕ

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಆಕಳಿಕೆ ಅಂಟುತ್ತದೆ ಎಂದು ತೋರಿಸುವುದು ಕಷ್ಟವಲ್ಲ. ಕ್ಲಾಸಿನಲ್ಲಿ ಒಂದು ವಿಡಿಯೊ ಹಾಕಿದರೆ ಸಾಕು. 1980ರ ದಶಕದಲ್ಲಿ ಅಮೆರಿಕದ ರಾಬರ್ಟ್ ಪ್ರೊವೈನ್ ಅದನ್ನೇ ಮಾಡಿದ್ದರು. ಐದು ನಿಮಿಷ ಬರೀ ಆಕಳಿಕೆಗಳನ್ನೇ ನೋಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾವೂ ಬಾಯಿ ತೆರೆದರು. ಆದರೆ ವಿಡಿಯೊದಲ್ಲಿ ಇರುವವರು ನೋಡುವವರಿಗೆ ಯಾರೋ ಏನೋ. ಅಮ್ಮನ ಆಕಳಿಕೆ ಮಗಳಿಗೆ ಅಂಟುವಷ್ಟು ಬೇಗ ಪಕ್ಕದ ಸೀಟಿನವರದ್ದು ಅಂಟುತ್ತದಾ? ಅದು ನನ್ನ ಪ್ರಶ್ನೆಯಾಗಿತ್ತು.

ಇದಕ್ಕೆ ದಾರಿ ತೋರಿಸಿದ್ದು ಇಟಲಿಯ ಇವಾನ್ ನಾರ್ಶಿಯಾ ಮತ್ತು ಎಲಿಸಬೆಟ್ಟಾ ಪಲಾಜಿ. ಅವರ ಅಧ್ಯಯನ ಪ್ರಕಟವಾಗಿದ್ದು 2011ರಲ್ಲಿ. ಲ್ಯಾಬಿಗೆ ಯಾರನ್ನೂ ಕರೆಯದೆ, ಜನ ಊಟ ಮಾಡುವ, ಕೆಲಸ ಮಾಡುವ, ಪ್ರಯಾಣ ಮಾಡುವ ಕಡೆಯೇ ಸುಮ್ಮನೆ ಗಮನಿಸಿದರು. ಒಬ್ಬರು ಆಕಳಿಸಿದ ಮೇಲೆ ಮೂರು ನಿಮಿಷದೊಳಗೆ ಇನ್ನೊಬ್ಬರು ಆಕಳಿಸಿದರಾ ಎಂದು ಬರೆದುಕೊಂಡರು. ಸಂಬಂಧಿಕರ ನಡುವೆ ಅತಿ ಹೆಚ್ಚು ಹರಡಿತು. ಆಮೇಲೆ ಗೆಳೆಯರು, ಆಮೇಲೆ ಪರಿಚಯದವರು, ಕೊನೆಗೆ ಅಪರಿಚಿತರು. ಇನ್ನೊಬ್ಬರ ಸ್ಥಿತಿ ನಮ್ಮೊಳಗೂ ಮೂಡುವುದನ್ನು ಅನುಭೂತಿ ಎನ್ನುತ್ತೇವಲ್ಲ, ಅದೂ ಹತ್ತಿರದವರ ವಿಷಯದಲ್ಲೇ ಜಾಸ್ತಿ. ಎರಡಕ್ಕೂ ನಂಟಿದೆ ಎಂಬ ಮಾತಿಗೆ ಇದೇ ಆಧಾರ.

ನನಗೆ ಸಿಕ್ಕ ಜಾಗ ಮೈಸೂರು–ಬೆಂಗಳೂರು ಪ್ಯಾಸೆಂಜರ್ ರೈಲು. ಎದುರುಬದುರು ಸೀಟು. ಸಂಸಾರ, ಗೆಳೆಯರು, ಅಪರಿಚಿತರು ಎಲ್ಲರೂ ಒಂದೇ ಕಡೆ. ಹೆಸರು ಬೇಡ, ಮಾತಾಡಿಸುವುದೂ ಬೇಡ. ಗಮನಿಸುತ್ತಿದ್ದೇವೆ ಎಂದು ಗೊತ್ತಾದ ಕೂಡಲೇ ಜನ ಆಕಳಿಕೆ ನುಂಗಿಬಿಡುತ್ತಾರೆ. ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿದೆ: ಸಮಯ, ಯಾರು ಆಕಳಿಸಿದರು, ಯಾರಿಗೆ ಕಾಣಿಸಿತು ಅಥವಾ ಕೇಳಿಸಿತು, ಅವರಿಬ್ಬರ ಸಂಬಂಧ, ಮೂರು ನಿಮಿಷದಲ್ಲಿ ಏನಾಯಿತು. ಸಂಬಂಧ ಏನೆಂದು ಮಾತಿನಿಂದ ಖಚಿತವಾಗದಿದ್ದರೆ ಆ ಸಾಲು ಹೊಡೆದುಹಾಕುತ್ತಿದ್ದೆ.

ಇಷ್ಟರಿಂದಲೇ ತೀರ್ಮಾನಕ್ಕೆ ಬರುವ ಹಾಗಿಲ್ಲ. ಬೆಳಗಿನ ರೈಲಿನಲ್ಲಿ ಎಲ್ಲರಿಗೂ ನಿದ್ದೆಗಣ್ಣು. ಅಪ್ಪ–ಮಗ ಒಂದೇ ಮನೆಯಲ್ಲಿ ಒಂದೇ ಹೊತ್ತಿಗೆ ಎದ್ದು ಬಂದವರು. ಒಬ್ಬರ ಹಿಂದೆ ಒಬ್ಬರು ಆಕಳಿಸಿದರೆ ಅದು ಅಂಟಿದ್ದೇ ಎಂದು ಹೇಗೆ ಹೇಳುವುದು? ಅದಕ್ಕೆ ಅದೇ ಮಗನನ್ನು ಇನ್ನೊಂದು ಮೂರು ನಿಮಿಷ ನೋಡುತ್ತಿದ್ದೆ, ಹತ್ತಿರದಲ್ಲಿ ಯಾರೂ ಆಕಳಿಸದ ಹೊತ್ತಿನಲ್ಲಿ. ಆಗಲೂ ಅಷ್ಟೇ ಸಲ ಬಾಯಿ ತೆರೆದರೆ ಅದು ಅವನ ಸ್ವಂತ ನಿದ್ದೆ. ಹೀಗೆ ಜರಡಿ ಹಿಡಿದ ಮೇಲೆ ಬೆಳಗಿನ ಸಾಲುಗಳಲ್ಲಿ ಉಳಿದದ್ದು ಸ್ವಲ್ಪವೇ. ಹತ್ತು ಗಂಟೆಯ ಮೇಲಿನವು ಚೆನ್ನಾಗಿ ನಿಂತವು.

ಇದಕ್ಕಿಂತ ದೊಡ್ಡ ತೊಡಕು ನೋಟದ್ದು. ಮನೆಯವರ ಮುಖವನ್ನು ನಾವು ಆಗಾಗ ನೋಡುತ್ತೇವೆ, ಅಪರಿಚಿತರ ಮುಖ ನೋಡುವುದಿಲ್ಲ. ಹಾಗಾದರೆ ಹತ್ತಿರದವರಿಗೆ ಜಾಸ್ತಿ ಅಂಟುವುದು ಪ್ರೀತಿಯಿಂದಲ್ಲ, ಬರೀ ಜಾಸ್ತಿ ನೋಡುವುದರಿಂದ ಇರಬಹುದು ಅಲ್ವಾ? ಅದಕ್ಕೆ ಮುಖ ಕಾಣದೆ ಸದ್ದು ಮಾತ್ರ ಕೇಳಿಸಿದ ಸಾಲುಗಳನ್ನು ಬೇರೆ ಮಾಡಿದೆ. ಒಂದು ಸಾಲು ಹೀಗಿದೆ: ಹೆಂಡತಿ ಕಿಟಕಿಯ ಕಡೆ ತಿರುಗಿ ‘ಆ…’ ಎಂದು ಉದ್ದಕ್ಕೆ ಆಕಳಿಸಿದರು. ಗಂಡ ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ತಲೆ ಎತ್ತಲೇ ಇಲ್ಲ, ಒಂದು ನಿಮಿಷದೊಳಗೆ ಪೇಪರ್ ಹಿಂದೆಯೇ ಆಕಳಿಸಿದರು. ಎದುರಿಗೆ ಕೂತ ಹುಡುಗನಿಗೂ ಸದ್ದು ಅಷ್ಟೇ ಜೋರಾಗಿ ಕೇಳಿಸಿತ್ತು, ಅವನಿಗೆ ಏನೂ ಆಗಲಿಲ್ಲ. ಇಂಥ ಸಾಲುಗಳಲ್ಲೂ ಮನೆಯವರೇ ಮುಂದಿದ್ದರು. 2020ರಲ್ಲಿ ನಾರ್ಶಿಯಾ ತಂಡವೂ ಸದ್ದಷ್ಟೇ ಕೇಳಿಸಿದ ಆಕಳಿಕೆಯಲ್ಲಿ ಗೆಳೆಯರು, ಮನೆಯವರದ್ದೇ ಮೇಲುಗೈ ಎಂದು ತೋರಿಸಿತು.

ನಮ್ಮಲ್ಲಿ ಇನ್ನೊಂದು ಗೋಜಲಿದೆ. ಹಿರಿಯರು ಆಕಳಿಸುವಾಗ ಬಾಯಿ ಮುಂದೆ ಚಿಟಿಕೆ ಹೊಡೆಯುತ್ತಾರೆ. ಸೊಸೆಗೆ ಅಂಟಿದ್ದು ಆಕಳಿಕೆಯ ಸದ್ದೋ ಚಿಟಿಕೆಯೋ ಬಿಡಿಸಿ ಹೇಳಲು ಆಗುವುದಿಲ್ಲ. ಅಂಥವನ್ನು ಬೇರೆ ಪುಟದಲ್ಲಿ ಇಟ್ಟಿದ್ದೇನೆ.

ಆದರೂ ಅನುಭೂತಿಯೇ ಕಾರಣ ಎಂದು ನಾನು ಬರೆದುಕೊಂಡಿಲ್ಲ. 2014ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು 328 ಜನರಿಗೆ ಮೂರು ನಿಮಿಷದ ವಿಡಿಯೊ ತೋರಿಸಿ, ಅನುಭೂತಿ ಅಳೆಯುವ ಪ್ರಶ್ನಾವಳಿಯನ್ನೂ ಕೊಟ್ಟರು. 222 ಜನ ಆಕಳಿಸಿದರು. ಪ್ರಶ್ನಾವಳಿಯ ಅಂಕಕ್ಕೂ ಆಕಳಿಕೆಗೂ ನಂಟು ಸಿಗಲಿಲ್ಲ. ವಯಸ್ಸಾದಂತೆ ಅಂಟುವುದು ಸ್ವಲ್ಪ ಕಡಿಮೆ ಎಂಬುದಷ್ಟೇ ಸಿಕ್ಕಿತು. ನನಗನಿಸುವ ಪ್ರಕಾರ ಎರಡು ಕಡೆ ಅಳೆದದ್ದೇ ಬೇರೆ. ಪ್ರಶ್ನಾವಳಿ ಕೇಳುವುದು ನೀವು ಎಂಥ ಮನುಷ್ಯ ಎಂದು. ರೈಲಿನಲ್ಲಿ ಕಾಣುವುದು ಆಕಳಿಸಿದವರು ನಿಮಗೆ ಏನಾಗಬೇಕು ಎಂಬುದು. ಪೇಪರ್ ಓದುತ್ತಿದ್ದ ಆ ಗಂಡನಿಗೆ ಪ್ರಶ್ನಾವಳಿಯಲ್ಲಿ ಎಷ್ಟು ಅಂಕ ಬರುತ್ತಿತ್ತೋ, ಹೆಂಡತಿಯ ಆಕಳಿಕೆ ಅಂಟಿದ್ದರಿಂದ ಅದನ್ನು ಊಹಿಸಲು ಬರುವುದಿಲ್ಲ.