ಕೋ-ವಾಶ್ ಮಾಡುವ ಮುನ್ನ ನೆತ್ತಿ ನೋಡಿ

ಶಾಂಪೂ ಬಿಟ್ಟು ಬರೀ ಕಂಡೀಷನರ್ ಹಾಕಿ ತಲೆ ತೊಳೆಯುವುದಕ್ಕೆ ಈಗ ಕೋ-ವಾಶ್ ಅನ್ನುತ್ತಾರೆ. ಒಣ ಗುಂಗುರು ಕೂದಲಿಗೆ ಇದು ಒಗ್ಗುವುದುಂಟು, ನಾನೇನೂ ಬೇಡ ಅನ್ನುವವಳಲ್ಲ. ಆದರೆ ಎಲ್ಲರೂ ಕೂದಲ ತುದಿ ಹಿಡಿದು ನೋಡಿ ಶುರು ಮಾಡಿಬಿಡುತ್ತಾರೆ. ನೋಡಬೇಕಾದ್ದು ನೆತ್ತಿಯನ್ನು.

ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನಲ್ಲಾದರೆ ತುದಿಯವರೆಗೆ ಇಳಿಯುತ್ತದೆ. ಗುಂಗುರಿನಲ್ಲಿ ಸುತ್ತುಗಳು ಹೆಚ್ಚು, ಅದು ಬುಡದಲ್ಲೇ ನಿಂತುಬಿಡುತ್ತದೆ. ಹಾಗಾಗಿ ತುದಿ ಎಷ್ಟೇ ಒಣಗಿದ್ದರೂ ಅದೇ ತಲೆಯ ನೆತ್ತಿ ಜಿಡ್ಡಾಗಿರಬಹುದು. ಕಂಡೀಷನರ್ ಸ್ವಲ್ಪ ಕೊಳೆ, ಬೆವರು ತೆಗೆಯುತ್ತದೆ, ನಿಜ. ಆದರೆ ಅದನ್ನು ಮಾಡಿರುವುದೇ ಕೂದಲಿಗೆ ಅಂಟಿಕೊಂಡು ನುಣುಪು ಕೊಡಲಿ ಎಂದು. ಜಿಡ್ಡು ತೆಗೆಯುವ ಕೆಲಸದಲ್ಲಿ ಅದು ಶಾಂಪೂವಿಗೆ ಸಮ ಬರುವುದಿಲ್ಲ, ಜೊತೆಗೆ ತನ್ನದೂ ಒಂದು ಪದರ ಬಿಟ್ಟು ಹೋಗುತ್ತದೆ.

ನನ್ನ ತಂಗಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರದೂ ಗುಂಗುರು. ದೊಡ್ಡವಳದು ದಪ್ಪ ಕೂದಲು, ವಾರವಾದರೂ ನೆತ್ತಿ ಒಣಗಿಯೇ ಇರುತ್ತದೆ. ಚಿಕ್ಕವಳದು ಎಳೆ ತೆಳು, ತೊಳೆದ ಎರಡನೇ ದಿನಕ್ಕೇ ಬುಡ ಅಂಟು. ಒಂದೇ ಬಾಟಲಿ ತಂದು ಇಬ್ಬರೂ ಕೋ-ವಾಶ್ ಶುರು ಮಾಡಿದರು. ದೊಡ್ಡವಳ ಸುರುಳಿ ಚೆನ್ನಾಗಿ ಕೂತಿತು. ಚಿಕ್ಕವಳು ಕೆಲವು ವಾರಗಳ ಮೇಲೆ ಬಂದು, "ದೊಡ್ಡಮ್ಮ, ನೆತ್ತಿ ಒಂದೇ ಸಮ ತುರಿಸ್ತಿದೆ. ಒಣಗಿರಬೇಕು, ಎಣ್ಣೆ ಹಚ್ಚಲಾ?" ಅಂದಳು.

"ತಾಳು, ಮೊದಲು ಉಗುರಿಂದ ಮೆಲ್ಲಗೆ ಒಂದು ಸಲ ಕೆರೆದು ತೋರಿಸು" ಅಂದೆ. ಉಗುರಿನ ಸಂದಿಯಲ್ಲಿ ಬೂದು ಬಿಳುಪಿನ ಮೇಣದಂಥದ್ದು ಬಂತು. ಒಣಗಿದ ನೆತ್ತಿಯ ಚೂರುಗಳು ಹಗುರಾಗಿ ಭುಜದ ಮೇಲೆ ಉದುರುತ್ತವೆ. ಇದು ಉದುರುವುದಿಲ್ಲ, ಅಂಟುತ್ತದೆ. ತೊಳೆದು ಒಣಗಿದ ಮೇಲೂ ಬುಡದ ಕೂದಲು ಒದ್ದೆಯಾಗಿರುವಂತೆ ಚಪ್ಪಟೆ ಬಿದ್ದಿರುವುದು, ಬೆರಳಿಗೆ ಮುಗ್ಗು ವಾಸನೆ ಬರುವುದು, ಇವೂ ಜಿಡ್ಡು, ಕಂಡೀಷನರ್ ಪದರವಾಗಿ ಕೂತಿರುವುದರ ಲಕ್ಷಣವೇ. ಇಂಥ ತಲೆಗೆ ಮೇಲಿಂದ ಎಣ್ಣೆ ಸುರಿದರೆ ಪದರ ಇನ್ನಷ್ಟು ದಪ್ಪವಾಗುತ್ತದೆ, ಅಷ್ಟೇ.

ಅವಳಿಗೆ ಹೇಳಿದ ಕ್ರಮ ಹೀಗೆ. ಮೊದಲ ತೊಳೆತಕ್ಕೆ ಕ್ಲಾರಿಫೈಯಿಂಗ್ ಶಾಂಪೂ, ಅಂದರೆ ಚೆನ್ನಾಗಿ ಜಿಡ್ಡು ಎಳೆಯುವಂಥದ್ದು. ತಲೆ ಪೂರ್ತಿ ನೆನೆಸಿ, ಕಿವಿಯಿಂದ ಕೆಳಗಿನ ಕೂದಲಿಗೆ ಮೊದಲೇ ಕಂಡೀಷನರ್ ಸವರಿಬಿಡಬೇಕು. ಆಗ ಶಾಂಪೂ ಹರಿದು ಹೋದರೂ ತುದಿ ಒರಟಾಗುವುದು ಕಡಿಮೆ. ಆಮೇಲೆ ಶಾಂಪೂವನ್ನು ಬೈತಲೆ ಬಿಡಿಸಿ ಬಿಡಿಸಿ ನೆತ್ತಿಗೆ ಮಾತ್ರ ಹಾಕಿ, ಬೆರಳ ತುದಿಯಿಂದ ಉಜ್ಜಬೇಕು, ಉಗುರು ತಾಗಿಸಬಾರದು. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಸಲ್ಫೇಟ್ ಇಲ್ಲದ ಸೌಮ್ಯ ಶಾಂಪೂ. ಲೋ-ಪೂ ಅನ್ನುವುದು ಇದನ್ನೇ. ಕಂಡೀಷನರ್ ತುದಿಗಷ್ಟೇ. ತುರಿಕೆ ನಿಂತಿತು, ಸುರುಳಿಯೂ ಕೆಡಲಿಲ್ಲ.

ದೊಡ್ಡವಳು ಕೋ-ವಾಶ್ ಮುಂದುವರಿಸಿದ್ದಾಳೆ. ಅವಳಿಗೂ ಎರಡು ಮಾತು ಹೇಳಿದ್ದೇನೆ. ಕಂಡೀಷನರ್ ಸವರಿ ತಕ್ಷಣ ನೀರು ಹೊಯ್ದುಕೊಂಡರೆ ನೆತ್ತಿ ತೊಳೆದಂತಲ್ಲ. ಮೂರು ನಾಲ್ಕು ನಿಮಿಷವಾದರೂ ಬೆರಳಾಡಿಸಬೇಕು, ಉಜ್ಜಿದ್ದಕ್ಕಿಂತ ಹೆಚ್ಚು ಹೊತ್ತು ನೀರು ಬಿಡಬೇಕು. ಮತ್ತೆ ಮೂರು ನಾಲ್ಕು ಸಲಕ್ಕೊಮ್ಮೆ ಶಾಂಪೂ ಇರಲೇಬೇಕು. ಡೈಮೆಥಿಕೋನ್ ಎಂಬ ಸಿಲಿಕೋನ್ ಇರುವ ಸೀರಮ್ ಹಚ್ಚುವವರಂತೂ ಇದನ್ನು ತಪ್ಪಿಸಬಾರದು, ಅದು ಬರೀ ನೀರಿಗೆ ಕರಗುವ ವಸ್ತುವಲ್ಲ. ನೀರು ಗಡುಸಾಗಿದ್ದರೆ ಸುಣ್ಣದಂಶವೂ ಕೂದಲ ಮೇಲೆ ಕೂರುತ್ತದೆ. ಅದಕ್ಕೆ ಇಡಿಟಿಎ ಇರುವ ಕೀಲೇಟಿಂಗ್ ಶಾಂಪೂ, ಅಂದರೆ ಆ ಸುಣ್ಣದಂಶವನ್ನು ಹಿಡಿದು ತೆಗೆಯುವಂಥದ್ದು, ಆಗಾಗ ಬೇಕಾಗುತ್ತದೆ.

ನೆತ್ತಿಗೆ ಎಣ್ಣೆ ಹಚ್ಚುವ ಅಭ್ಯಾಸವಿದ್ದವರು, ವ್ಯಾಯಾಮ ಮಾಡಿ ದಿನವೂ ತಲೆ ಬೆವರುವವರು, ಬುಡಕ್ಕೇ ಜೆಲ್, ಹೇರ್ ಬಟರ್ ಬಳಿಯುವವರು ಕೋ-ವಾಶ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಹೊಟ್ಟಿನ ಕಾಟ ಇದ್ದವರಂತೂ ಅದರ ಗೊಡವೆಗೇ ಹೋಗಬೇಡಿ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರ ಬದುಕುವುದೇ ನೆತ್ತಿಯ ಜಿಡ್ಡು ತಿಂದು. ಅಂಥವರಿಗೆ ಕೀಟೋಕೊನಜೋಲ್‌ನಂಥ ಔಷಧಿ ಶಾಂಪೂ ಬೇಕು. ನೊರೆಯನ್ನು ನೆತ್ತಿಯಲ್ಲಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು, ತುದಿಗೆ ಎಂದಿನಂತೆ ಕಂಡೀಷನರ್ ಹಾಕಿಕೊಳ್ಳಬಹುದು. ನಾಲ್ಕು ವಾರವಾದರೂ ತಗ್ಗದಿದ್ದರೆ, ಹಣೆಯಂಚಿಗೂ ಕಿವಿಯ ಹಿಂದಕ್ಕೂ ಕೆಂಪು, ದಪ್ಪ ಹೊಪ್ಪಳೆ ಹಬ್ಬಿದರೆ, ಅಥವಾ ಅಲ್ಲಲ್ಲಿ ಕೂದಲು ಕಿತ್ತು ಬಂದರೆ ಅದು ತೊಳೆತದ ವಿಷಯವಾಗಿ ಉಳಿಯುವುದಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ.